ಡಯಲ್ ಮೇಲಿನ ಹೆಸರು ಬಿಡಿ, ಗಡಿಯಾರದ ಬೆನ್ನು ತೋರಿಸಿ

ಇವತ್ತಿನ ಕಂತು ಒಂದು ವಾಟ್ಸಾಪ್ ಫೋಟೋದಿಂದ ಶುರುವಾಗುತ್ತೆ. ನಮ್ಮ ದೊಡ್ಡಪ್ಪನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ನಾನು ಅಕ್ಕ ಅಂತೀನಿ. ಒಂದು ರಾತ್ರಿ ಹನ್ನೊಂದು ಗಂಟೆಗೆ ಅವಳಿಂದ ಒಂದು ಗೋಡೆ ಗಡಿಯಾರದ ಫೋಟೋ ಬಂತು. ಕೆಳಗೆ ಒಂದೇ ಸಾಲು: "ಇದು ಟೆಂಪಸ್ ಫ್ಯೂಜಿಟ್ ಕಂಪನಿದು ಕಣೋ, ಇದರ ಮಿಷನ್ ಎಲ್ಲಿ ಸಿಗುತ್ತೆ ನೋಡು."

ಗಡಿಯಾರ ಅವಳ ಮಾವನವರದ್ದು. ಅವರು ಎಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಹೋದಾಗ ಕೊಂಡಿದ್ದು. ಕೀ ಕೊಡೋ ಗಡಿಯಾರ, ಪೆಂಡುಲಮ್ ಇದೆ, ಕಾಲು ಗಂಟೆಗೊಮ್ಮೆ ರಾಗದಲ್ಲಿ ಬಾರಿಸುತ್ತೆ. ಮಾವನವರಿಗೆ ಈಗ ಕಣ್ಣು ಹೆಚ್ಚುಕಮ್ಮಿ ಕಾಣೋದಿಲ್ಲ. ಮಾತ್ರೆ ತಗೊಳ್ಳೋದು, ಊಟ, ಮೊಮ್ಮಗಳು ಸ್ಕೂಲಿಂದ ಬರೋ ಹೊತ್ತು, ಎಲ್ಲ ಅವರಿಗೆ ಆ ಗಡಿಯಾರದ ಸದ್ದಿನಿಂದಲೇ ಗೊತ್ತಾಗ್ತಿತ್ತು. ಮನೆ ಬದಲಾಯಿಸಿದ ಮೇಲೆ ಗಡಿಯಾರ ನಿಂತುಹೋಯ್ತು. "ದಿನಕ್ಕೆ ಹತ್ತು ಸಲ ಟೈಮ್ ಎಷ್ಟಮ್ಮ ಅಂತಾರೆ, ಕೇಳೋಕೆ ಅವರಿಗೇ ಸಂಕೋಚ" ಅಂದ್ಲು ಅಕ್ಕ.

ನಾನು ಓದಿದ್ದು ಬಿ.ಕಾಂ. ಗಡಿಯಾರ ರಿಪೇರಿ ನನ್ನ ಕಸುಬಲ್ಲ. ಆದರೆ ಹಳೇ ಗಡಿಯಾರದ ಹುಚ್ಚು ಇದೆ. ಫೋಟೋ ನೋಡಿ ಒಳಗಿರೋ ಮಿಷನ್ ಯಾವುದು ಅಂತ ಕಂಡುಹಿಡಿಯೋದು ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ರಿಪೇರಿಯವರು ಮಿಷನ್ ಅನ್ನೋದನ್ನೇ ಅಂಗಡಿಗಳ ಪಟ್ಟಿಯಲ್ಲಿ ಮೂವ್‌ಮೆಂಟ್ ಅಂತ ಬರೆದಿರ್ತಾರೆ. ಇವತ್ತು ಅಕ್ಕನ ಗಡಿಯಾರವನ್ನೇ ಇಟ್ಕೊಂಡು ಆ ಕೆಲಸ ಹೇಗೆ ಮಾಡೋದು ಅಂತ ಹೇಳ್ತೀನಿ.

ಮೊದಲು ಆ ಹೆಸರಿನ ವಿಷಯ. ಟೆಂಪಸ್ ಫ್ಯೂಜಿಟ್ ಅನ್ನೋದು ಕಂಪನಿ ಅಲ್ಲ. ಅದು ಲ್ಯಾಟಿನ್ ಮಾತು, "ಕಾಲ ಓಡುತ್ತೆ" ಅಂತ ಅರ್ಥ. ಮೇಲ್ಗಡೆ ಕಮಾನು ಇರೋ ಡಯಲ್‌ಗಳಲ್ಲಿ ಅಲಂಕಾರಕ್ಕೆ ಹಾಕ್ತಾರೆ. ನಮ್ಮ ಲಾರಿ ಹಿಂದೆ "ಮತ್ತೆ ಸಿಗೋಣ" ಅಂತ ಬರೆದಿರುತ್ತಲ್ಲ, ಅದನ್ನ ಲಾರಿ ಕಂಪನಿ ಹೆಸರು ಅಂದ್ಕೊಂಡ ಹಾಗೆ ಆಯ್ತು. ಇದನ್ನೇ ಬ್ರ್ಯಾಂಡ್ ಅಂತ ಹುಡುಕಿದರೆ ನೂರಾರು ಗಡಿಯಾರ ಬರುತ್ತೆ, ಒಂದರ ಒಳಗಿರೋದು ಇನ್ನೊಂದರ ಒಳಗಿರಲ್ಲ.

ಸರಿ, ಡಯಲ್ ಮೇಲೆ ನಿಜವಾದ ಕಂಪನಿ ಹೆಸರೇ ಇದ್ದರೆ? ಆಗಲೂ ನಂಬೋಕಾಗಲ್ಲ. ಮರದ ಪೆಟ್ಟಿಗೆ ಮಾಡೋರು ಒಬ್ಬರು, ಮಿಷನ್ ಮಾಡೋರು ಇನ್ನೊಬ್ಬರು, ಡಯಲ್ ಮೇಲೆ ಹೆಸರು ಹಾಕಿಸ್ಕೊಳ್ಳೋರು ಮೂರನೆಯವರು ಆಗಿರಬಹುದು. ಜರ್ಮನಿಯ ಗೋಸ್‌ಹೈಮ್ ಅನ್ನೋ ಊರಲ್ಲಿ ಹರ್ಮ್ಲೆ ಅಂತ ಒಂದು ಕಂಪನಿ ಇದೆ. 1922ರಲ್ಲಿ ಫ್ರಾಂಟ್ಸ್ ಹರ್ಮ್ಲೆ ಶುರು ಮಾಡಿದ್ದು. ಅವರ ಮಿಷನ್‌ಗಳು ಎಷ್ಟೋ ಬೇರೆ ಬೇರೆ ಹೆಸರಿನ ಗಡಿಯಾರಗಳ ಒಳಗೆ ಕೂತಿವೆ. ಹೊರಗಿನ ಹೆಸರು ಒಂದು, ಒಳಗಿನ ಮಿಷನ್ ಇನ್ನೊಂದು.

ಹಾಗಾದ್ರೆ ಡಯಲ್ ಫೋಟೋ ದಂಡಾನಾ? ಅಲ್ಲ. ಅದರಲ್ಲಿ ಹೆಸರಿಗಿಂತ ಮುಖ್ಯವಾದದ್ದು ಕೀ ಕೊಡೋ ತೂತುಗಳು. ಒಂದು ತೂತು ಇದ್ದರೆ ಸಾಮಾನ್ಯವಾಗಿ ಬರೀ ಟೈಮ್ ತೋರಿಸೋ ಗಡಿಯಾರ. ಎರಡಿದ್ದರೆ ಟೈಮ್ ಜೊತೆ ಗಂಟೆ ಬಾರಿಸುತ್ತೆ. ಮೂರಿದ್ದರೆ ಟೈಮ್, ಗಂಟೆ, ಅದರ ಜೊತೆ ಕಾಲು ಗಂಟೆಯ ರಾಗ. ಯಾಕಂದ್ರೆ ಒಂದೊಂದು ಕೆಲಸಕ್ಕೂ ಒಂದೊಂದು ಸ್ಪ್ರಿಂಗ್, ಒಂದೊಂದು ಸ್ಪ್ರಿಂಗಿಗೂ ಒಂದೊಂದು ತೂತು. ಅಕ್ಕನ ಡಯಲ್‌ನಲ್ಲಿ ಮೂರು ತೂತಿತ್ತು.

"ಅಕ್ಕ, ಅದು ಬಾರಿಸೋದು ಹೇಗೆ ಅಂತ ಮಾವನವರನ್ನ ಕೇಳು" ಅಂದೆ. ಅವರು ಕೂತಲ್ಲೇ ಗುನುಗಿ ತೋರಿಸಿದರಂತೆ. ಕಾಲು ಗಂಟೆಗೆ ನಾಲ್ಕು ಸ್ವರ, ಅರ್ಧಕ್ಕೆ ಎಂಟು, ಮುಕ್ಕಾಲಿಗೆ ಹನ್ನೆರಡು, ಗಂಟೆ ತುಂಬಿದಾಗ ಹದಿನಾರು, ಆಮೇಲೆ ಎಷ್ಟು ಗಂಟೆಯೋ ಅಷ್ಟು ಹೊಡೆತ. ಇದು ವೆಸ್ಟ್‌ಮಿನ್‌ಸ್ಟರ್ ರಾಗ. ಲಂಡನ್ನಿನ ಬಿಗ್ ಬೆನ್ ಗಡಿಯಾರದಲ್ಲಿ ಕೇಳೋದೂ ಇದೇ. ಡಯಲ್ ಅಂಚಲ್ಲಿ ರಾಗ ಬದಲಾಯಿಸೋ ಪಟ್ಟಿ ಇರಲಿಲ್ಲ, ಅಂದ್ರೆ ಒಂದೇ ರಾಗದ ಮಿಷನ್. ಇಷ್ಟು ಹೇಳಿದ ಮೇಲೆ ಡಯಲ್ ಕೆಲಸ ಮುಗೀತು. ಇನ್ನು ಮುಂದಿನದ್ದು ಬೆನ್ನೇ ಹೇಳಬೇಕು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಮಿಷನ್ ಬದಲಾಯಿಸೋ ಮುಂಚೆ ಅದು ನಿಜವಾಗ್ಲೂ ಹಾಳಾಗಿದೆಯಾ ಅಂತ ನೋಡಬೇಕಲ್ವಾ? ಪೆಂಡುಲಮ್ ಗಡಿಯಾರ ಮನೆ ಬದಲಾಯಿಸಿದ ಮೇಲೆ ನಿಂತರೆ, ಮೊದಲ ಅನುಮಾನ ಗೋಡೆ ಮೇಲೆ ಓರೆಯಾಗಿ ತೂಗುಹಾಕಿರೋದರ ಮೇಲೆ. ಕಿವಿ ಕೊಟ್ಟು ಕೇಳಿ. ಟಿಕ್, ಟಾಕ್, ಟಿಕ್, ಟಾಕ್ ಅಂತ ಒಂದೇ ಅಂತರದಲ್ಲಿ ಬರಬೇಕು. ಟಿಕ್‌ಟಾಕ್, ಆಮೇಲೆ ಸ್ವಲ್ಪ ಗ್ಯಾಪ್, ಮತ್ತೆ ಟಿಕ್‌ಟಾಕ್ ಅಂತ ಕುಂಟಿದರೆ ಗಡಿಯಾರವನ್ನ ಎಡಕ್ಕೋ ಬಲಕ್ಕೋ ಒಂಚೂರು ಸರಿಸಿ ನೋಡಿ. ಎಷ್ಟೋ ಗಡಿಯಾರ ಇಷ್ಟಕ್ಕೇ ಓಡುತ್ತೆ. ಅಕ್ಕ ಅದನ್ನ ಮಾಡಿದ್ಲು, ಸದ್ದು ಸಮ ಆಯ್ತು, ಆದರೂ ಹತ್ತು ನಿಮಿಷಕ್ಕೆ ನಿಲ್ತಿತ್ತು. ಅಲ್ಲಿನ ರಿಪೇರಿಯವರೊಬ್ಬರು ಬಂದು ನೋಡಿದರು. ನಲವತ್ತು ವರ್ಷ ಎಣ್ಣೆ ಕಾಣದೆ ಓಡಿ, ಗಾಲಿಗಳ ಅಚ್ಚಿನ ತುದಿ ಕೂರೋ ತೂತುಗಳು ಗುಂಡಗಿನ ಬದಲು ಮೊಟ್ಟೆ ಆಕಾರಕ್ಕೆ ಸವೆದಿದ್ದವು. ಸುತ್ತಲೂ ಕಪ್ಪು ಜಿಡ್ಡು. ಒಂದೊಂದೇ ತೂತಿಗೆ ಹೊಸ ಬುಶ್ ಹಾಕಿ ಸರಿ ಮಾಡಬಹುದು, ಆದರೆ ಆ ಕೂಲಿಗೆ ಹೊಸ ಮಿಷನ್ನೇ ಬರುತ್ತೆ ಅಂದರಂತೆ. ಈ ಮಾತಾದ ಮೇಲೇ ನಾವು ನಂಬರ್ ಹುಡುಕೋಕೆ ಕೂತಿದ್ದು.

ಈಗ ಬೆನ್ನಿನ ಫೋಟೋ. ಅಕ್ಕನಿಗೆ ಹೇಳಿದೆ: "ಮೊದಲು ಪೆಂಡುಲಮ್ ಬಿಚ್ಚಿ ಪಕ್ಕಕ್ಕಿಡು. ಗಡಿಯಾರ ಇಳಿಸಿ ಮೇಜಿನ ಮೇಲೆ ನಿಲ್ಲಿಸು, ಯಾರಾದರೂ ಹಿಡ್ಕೊಂಡಿರಲಿ. ಹಿಂದಿನ ಹಲಗೆಯ ಸ್ಕ್ರೂ ಬಿಚ್ಚು. ಆದರೆ ಮಿಷನ್ ತಗಡಿನ ಸ್ಕ್ರೂ ಒಂದನ್ನೂ ಮುಟ್ಟಬೇಡ." ಈ ಕೊನೇ ಮಾತು ನಿಮಗೂ ಹೇಳ್ತಿದೀನಿ. ಎರಡು ಹಿತ್ತಾಳೆ ತಗಡಿನ ನಡುವೆ ಗಾಲಿ, ಸ್ಪ್ರಿಂಗ್ ಎಲ್ಲ ಇರುತ್ತೆ. ಕೀ ಕೊಟ್ಟಿರೋ ಸ್ಪ್ರಿಂಗ್ ಇದ್ದಾಗ ಆ ತಗಡು ಬಿಚ್ಚಿದರೆ ಅಷ್ಟೂ ಬಲ ಒಂದೇ ಸಲ ಹೊರಗೆ ಬರುತ್ತೆ. ಗಾಲಿಯ ಹಲ್ಲು ಮುರಿಯುತ್ತೆ, ಬೆರಳೂ ಹೋಗಬಹುದು. ಫೋಟೋ ತೆಗೆಯೋಕೆ ಇದ್ಯಾವುದೂ ಬೇಕಾಗಿಲ್ಲ.

ಮೊದಲ ಫೋಟೋ ಬಂತು. ಹಿತ್ತಾಳೆ ಮೇಲೆ ಫ್ಲ್ಯಾಶ್ ಬಿದ್ದು ನಡುವೆ ದೊಡ್ಡ ಬಿಳಿ ಚುಕ್ಕೆ, ಅಕ್ಷರ ಒಂದೂ ಇಲ್ಲ. ತಗಡಿನ ಮೇಲಿನ ಅಕ್ಷರಗಳು ಒತ್ತಿ ಮೂಡಿಸಿದವು, ಆಳ ತುಂಬಾ ಕಮ್ಮಿ. ಎದುರಿಂದ ಬೆಳಕು ಬಿದ್ದರೆ ಅಳಿಸಿದ ಹಾಗೆ ಕಾಣುತ್ತೆ. ಅದಕ್ಕೆ ಫ್ಲ್ಯಾಶ್ ಆಫ್ ಮಾಡಿ, ಇನ್ನೊಂದು ಫೋನಿನ ಟಾರ್ಚನ್ನ ಪಕ್ಕದಿಂದ, ತಗಡಿಗೆ ಸವರಿದ ಹಾಗೆ ಓರೆಯಾಗಿ ಹಿಡೀಬೇಕು. ಆಗ ಪ್ರತಿ ಅಕ್ಷರದ ಅಂಚಲ್ಲೂ ನೆರಳು ಬಿದ್ದು ಓದೋಕೆ ಬರುತ್ತೆ. ತೀರಾ ಹತ್ತಿರದಿಂದ ತೆಗೆದರೆ ಫೋಟೋ ನಡುವೆ ಉಬ್ಬಿ ಆಕಾರ ಸೊಟ್ಟ ಆಗುತ್ತೆ. ಎರಡು ಮೂರು ಅಡಿ ಹಿಂದೆ ನಿಂತು ಜೂಮ್ ಮಾಡಿ ನೇರವಾಗಿ ತೆಗೀರಿ. ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿ. ಮಾಮೂಲಿ ಫೋಟೋ ತರ ಕಳಿಸಿದರೆ ಅದು ಸೈಜ್ ಇಳಿಸಿ, ನಮಗೆ ಬೇಕಾದ ಸಣ್ಣ ಅಂಕಿಗಳನ್ನೇ ತಿಂದುಹಾಕುತ್ತೆ.

ಎರಡನೇ ಫೋಟೋ ಚೆನ್ನಾಗಿ ಬಂತು. ಅದರ ಜೊತೆ ಅಕ್ಕನ ವಾಯ್ಸ್ ನೋಟ್: "ಏ, ಇದರ ಮೇಲೆ ಅನ್‌ಅಡ್ಜಸ್ಟೆಡ್ ಅಂತ ಬರೆದಿದೆ ಕಣೋ! ಅಡ್ಜಸ್ಟ್ ಮಾಡದೇ ಇರೋ ಗಡಿಯಾರ ಮಾವನಿಗೆ ಮಾರಿಬಿಟ್ಟಿದಾರಾ?"

ನಗು ಬಂತು, ಆದರೆ ಈ ತಪ್ಪು ಬಹಳ ಜನ ಮಾಡ್ತಾರೆ. ಅಮೆರಿಕಕ್ಕೆ ಬರೋ ಗಡಿಯಾರದ ಮಿಷನ್ ಮೇಲೆ ಎಷ್ಟು ಜುವೆಲ್ ಇದೆ, ಅಡ್ಜಸ್ಟ್ ಆಗಿದೆಯಾ ಇಲ್ವಾ ಅಂತ ನಮೂದಿಸಬೇಕು ಅಂತ ಅಲ್ಲಿನ ಆಮದು ಸುಂಕದ ನಿಯಮ ಇತ್ತು. ಜುವೆಲ್ ಅಂದ್ರೆ ಅಚ್ಚಿನ ತುದಿ ಸವೆಯದ ಹಾಗೆ ಕೂರಿಸೋ ಗಟ್ಟಿ ಕಲ್ಲು. ಅಡ್ಜಸ್ಟೆಡ್ ಅಂದ್ರೆ ಬಿಸಿಲು, ಚಳಿ, ಬೇರೆ ಬೇರೆ ಭಂಗಿಗೆ ಪರೀಕ್ಷೆ ಮಾಡಿ ಹೊಂದಿಸಿದ್ದು. ಮನೆ ಗೋಡೆ ಗಡಿಯಾರಕ್ಕೆ ಅದು ಬೇಕಾಗಿಲ್ಲ. ಹಾಗಾಗಿ "ನೋ ಜುವೆಲ್ಸ್, ಅನ್‌ಅಡ್ಜಸ್ಟೆಡ್" ಅನ್ನೋದು ಮಾಡೆಲ್ ಹೆಸರೂ ಅಲ್ಲ, ದೋಷವೂ ಅಲ್ಲ. ಸುಂಕದವರಿಗೆ ಬರೆದ ಒಂದು ಸಾಲು, ಅಷ್ಟೇ.

ನಮಗೆ ಬೇಕಾದದ್ದು ಪಕ್ಕದಲ್ಲೇ ಇತ್ತು. ಫ್ರಾಂಟ್ಸ್ ಹರ್ಮ್ಲೆ ಅಂತ ಹೆಸರು. ವೆಸ್ಟ್ ಜರ್ಮನಿ ಅಂತ ದೇಶ. ಪೂರ್ವ, ಪಶ್ಚಿಮ ಜರ್ಮನಿ ಒಂದಾಗಿದ್ದು 1990ರಲ್ಲಿ, ಹಾಗಾಗಿ ಮಿಷನ್ ಅದಕ್ಕಿಂತ ಹಿಂದಿನದು. ಮಾವನವರು ಎಂಬತ್ತರ ದಶಕದಲ್ಲಿ ಕೊಂಡೆ ಅಂದಿದ್ದಕ್ಕೆ ಸರಿಹೋಯ್ತು. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಮನೆಯವರ ನೆನಪಿಗೂ ತಗಡಿನ ಮೇಲಿನ ಬರಹಕ್ಕೂ ತಾಳೆ ಆಗದೇ ಇದ್ದರೆ, ಯಾರೋ ನಡುವೆ ಮಿಷನ್ ಬದಲಾಯಿಸಿದಾರೆ ಅಂತ ಅನುಮಾನ ಪಡಬೇಕು. ಅದರ ಕೆಳಗೆ ಆರು ಅಂಕಿ: 341-020. ಅದರ ಹತ್ತಿರ 45 ಸೆಂಟಿಮೀಟರ್ ಅಂತ ಇನ್ನೊಂದು.

ಅರ್ಧ ಗಂಟೆಯಲ್ಲಿ ಅಕ್ಕ ಒಂದು ಲಿಂಕ್ ಕಳಿಸಿದ್ಲು. "ಸಿಕ್ತು! ಹರ್ಮ್ಲೆ, ವೆಸ್ಟ್‌ಮಿನ್‌ಸ್ಟರ್, ಮೂರು ಕೀ, ಎಂಟು ದಿನ ಓಡುತ್ತೆ, ಆರ್ಡರ್ ಮಾಡ್ಲಾ?"

"ತಡಿ ಅಕ್ಕ, ನಂಬರ್ ಓದು" ಅಂದೆ.

"340-020."

ಒಂದೇ ಅಂಕಿ ವ್ಯತ್ಯಾಸ. ಆದರೆ 340-020 ಅನ್ನೋದಕ್ಕೆ ಪೆಂಡುಲಮ್ಮೇ ಇಲ್ಲ. ಅದು ಮೇಜಿನ ಮೇಲೆ ಇಡೋ ಗಡಿಯಾರಕ್ಕೆ ಮಾಡಿದ್ದು. ಪೆಂಡುಲಮ್ ಬದಲು ಒಂದು ಸಣ್ಣ ಚಕ್ರ ಸ್ಪ್ರಿಂಗ್‌ನಲ್ಲಿ ತೂಗುಬಿದ್ದು ಆಕಡೆ ಈಕಡೆ ತಿರುಗುತ್ತೆ. ಅದನ್ನ ಫ್ಲೋಟಿಂಗ್ ಬ್ಯಾಲೆನ್ಸ್ ಅಂತಾರೆ. ರಾಗ ಅದೇ, ತೂತು ಅಷ್ಟೇ, ಡಯಲ್ ಕಡೆಯಿಂದ ನೋಡಿದರೆ ಅಣ್ಣ ತಮ್ಮಂದಿರ ಹಾಗೆ. ಬೆನ್ನು ನೋಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತೆ: 341ರಲ್ಲಿ ಪೆಂಡುಲಮ್ ನೇತುಹಾಕೋ ಕೊಂಡಿ ಕಾಣುತ್ತೆ, 340ರಲ್ಲಿ ಆ ಚಕ್ರ ಕಾಣುತ್ತೆ. ಅಕ್ಕ ಅದನ್ನ ತರಿಸಿದ್ದರೆ ಗಡಿಯಾರ ಓಡ್ತಿತ್ತೇನೋ, ಆದರೆ ಪೆಂಡುಲಮ್ ಸುಮ್ಮನೆ ಸತ್ತ ಹಾಗೆ ನೇತಾಡ್ತಿತ್ತು. ಮೊದಲ ಮೂರು ಅಂಕಿ ಹೊಂದಿದರೆ ಸಾಕು, ಕೊನೇ ಮೂರು ಹೊಂದಿದರೆ ಸಾಕು ಅಂತೆಲ್ಲ ಇಲ್ಲ. ಆರೂ ಹೊಂದಬೇಕು, ಹಿಂದೆ ಅಕ್ಷರ ಏನಾದರೂ ಇದ್ದರೆ ಅದೂ ಸೇರಿ.

ಈಗ ಆ 45ರ ಕಥೆ. ಅದು ಪೆಂಡುಲಮ್ ಉದ್ದ. ಒಂದೇ ನಂಬರಿನ ಮಿಷನ್ ಬೇರೆ ಬೇರೆ ಪೆಂಡುಲಮ್ ಉದ್ದಕ್ಕೆ ತಯಾರಾಗುತ್ತೆ. ಪೆಂಡುಲಮ್ ಉದ್ದ ಆದಷ್ಟೂ ನಿಧಾನ ತೂಗುತ್ತೆ, ಗಿಡ್ಡ ಆದಷ್ಟೂ ಬೇಗ. ಒಳಗಿನ ಗಾಲಿಯ ಹಲ್ಲಿನ ಲೆಕ್ಕ ಆ ವೇಗಕ್ಕೇ ಹೊಂದಿಸಿರುತ್ತೆ. ಅಕ್ಕ 55 ಸೆಂಟಿಮೀಟರಿನ ಮಿಷನ್ ತರಿಸಿ, ಅದಕ್ಕೆ ಮಾವನವರ ಹಳೇ 45ರ ಪೆಂಡುಲಮ್ ಹಾಕಿದ್ದರೆ ಏನಾಗ್ತಿತ್ತು? ವೇಗ ಉದ್ದದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತೆ. 55ನ್ನ 45ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 1.1. ಅಂದ್ರೆ ಗಡಿಯಾರ ನೂರಕ್ಕೆ ಹತ್ತರಷ್ಟು ಜೋರಾಗಿ ಓಡುತ್ತೆ, ಗಂಟೆಗೆ ಆರು ನಿಮಿಷ ಮುಂದೆ. ಪೆಂಡುಲಮ್ ಕೆಳಗಿರೋ ತಿರುಪು ಇದೆಯಲ್ಲ, ಅದನ್ನ ತಿರುಗಿಸಿದರೆ ದಿನಕ್ಕೆ ಕೆಲವು ನಿಮಿಷ ಸರಿಮಾಡಬಹುದು. ಗಂಟೆಗೆ ಆರು ನಿಮಿಷ ಸರಿಮಾಡೋಕೆ ಆಗಲ್ಲ. ಹಾಗಂತ ಉದ್ದದ ಪೆಂಡುಲಮ್ ಹಾಕೋಣ ಅಂದರೆ ಪೆಟ್ಟಿಗೆಯ ತಳಕ್ಕೆ ತಾಗುತ್ತೆ.

ನಂಬರ್ ಸಿಕ್ತು, ಉದ್ದ ಸಿಕ್ತು. ಆದರೆ ಫೋಟೋ ಕೈಕೊಡೋ ಜಾಗ ಒಂದಿದೆ, ಅದು ಮುಳ್ಳು ಕೂರೋ ಶಾಫ್ಟ್. ಮಿಷನ್ನಿನ ಮುಂದಿನ ತಗಡಿನಿಂದ ಶಾಫ್ಟಿನ ತುದಿವರೆಗೆ ಎಷ್ಟು ಮಿಲಿಮೀಟರ್ ಅಂತ ಅಳೀಲೇಬೇಕು. ಡಯಲ್ ದಪ್ಪ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ಶಾಫ್ಟ್ ಗಿಡ್ಡ ಬಂದರೆ ನಿಮಿಷದ ಮುಳ್ಳಿನ ನಟ್ ಕೂರಲ್ಲ. ಉದ್ದ ಬಂದರೆ ಬಾಗಿಲು ಹಾಕಿದಾಗ ಗಾಜಿಗೆ ತಾಗುತ್ತೆ. ಫೋಟೋದಲ್ಲಿ ಪಕ್ಕದಲ್ಲಿ ಸ್ಕೇಲ್ ಇಟ್ಟರೂ, ಸ್ಕೇಲ್ ಮತ್ತು ಶಾಫ್ಟ್ ಕ್ಯಾಮೆರಾದಿಂದ ಒಂದೇ ದೂರದಲ್ಲಿ ಇಲ್ಲದಿದ್ದರೆ ಅಳತೆ ತಪ್ಪು ಬರುತ್ತೆ. ಒಂದೆರಡು ಮಿಲಿಮೀಟರ್ ತಪ್ಪಿದರೂ ಇಲ್ಲಿ ಕೆಲಸ ಕೆಡುತ್ತೆ. ಅದಕ್ಕೆ ರಿಪೇರಿಯವರ ಕೈಲಿ ಡಯಲ್ ತೆಗೆಸಿ ವರ್ನಿಯರ್‌ನಲ್ಲಿ ಅಳೆಸಿದ್ವಿ. ಅದೇ ಹೊತ್ತಿಗೆ ಮುಳ್ಳುಗಳ ಹಿಂದಿನ ತೂತಿನ ಫೋಟೋನೂ ತೆಗೆಸಿದೆ. ಗಂಟೆ ಮುಳ್ಳಿನ ತೂತು ಗುಂಡಗೆ, ನಿಮಿಷದ್ದು ಚೌಕ. ಹೊಸ ಶಾಫ್ಟಿನ ತುದಿ ಬೇರೆ ಆಕಾರದಲ್ಲಿ ಬಂದರೆ ಹಳೇ ಮುಳ್ಳು ಕೂರಲ್ಲ, ಮಾವನವರ ಗಡಿಯಾರದ ಮುಖವೇ ಬದಲಾಗಿಬಿಡುತ್ತೆ.

ಕೊನೆಗೆ ಅಂಗಡಿಯವರಿಗೆ ಅಕ್ಕ ಕಳಿಸಿದ ಮೆಸೇಜಲ್ಲಿ ಇದ್ದಿದ್ದು ಇಷ್ಟೇ: ಹರ್ಮ್ಲೆ 341-020, ಪೆಂಡುಲಮ್ 45 ಸೆಂಟಿಮೀಟರ್, ಶಾಫ್ಟಿನ ಉದ್ದ, ಜೊತೆಗೆ ಬೆನ್ನಿನ ಒಂದು ಫೋಟೋ, ಮುಳ್ಳಿನ ಒಂದು ಫೋಟೋ. ಟೆಂಪಸ್ ಫ್ಯೂಜಿಟ್ ಇರಲಿಲ್ಲ. ಅವರು ವಾಪಸ್ ಒಂದೂ ಪ್ರಶ್ನೆ ಕೇಳದೆ ಬೆಲೆ ಹೇಳಿದರು.

ನಿಮ್ಮಲ್ಲಿ ಕೆಲವರು ಈಗ ಅಜ್ಜನ ಮನೆಯ ಹಜಾರದ ಗಡಿಯಾರ ನೆನೆಸ್ಕೊಂಡಿರ್ತೀರಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಹೆಚ್ಚಾಗಿ ಕಾಣೋದು ಜಪಾನಿನ ಸೈಕೋಶಾದಂಥ ಗಡಿಯಾರ. ಅಲ್ಲಿ ಕಥೆ ಬೇರೆ. ಬೆನ್ನ ಮೇಲೆ ಗುರುತು ಇರಬಹುದು, ಹರ್ಮ್ಲೆ ತರ ಆರ್ಡರ್ ಮಾಡೋ ನಂಬರ್ ಇರಲ್ಲ, ಅಂಥ ಹೊಸ ಮಿಷನ್ ಈಗ ತಯಾರಾಗೋದೂ ಇಲ್ಲ. ಅದೇ ಜಾತಿಯ ಇನ್ನೊಂದು ಹಳೇ ಗಡಿಯಾರದಿಂದಲೇ ತೆಗೀಬೇಕು. ಅದಕ್ಕೆ ಹೊಂದಿಸಿ ನೋಡಬೇಕಾದ್ದು ಮೂರು: ಎರಡು ಕೀ ತೂತುಗಳ ನಡುವಿನ ದೂರ, ಆ ತೂತುಗಳಿಂದ ಮುಳ್ಳಿನ ಶಾಫ್ಟಿಗೆ ಇರೋ ದೂರ, ಮಿಷನ್ನನ್ನ ಪೆಟ್ಟಿಗೆಗೆ ಬಿಗಿಯೋ ಕಾಲುಗಳ ಜಾಗ. ಮೊದಲೆರಡು ತಪ್ಪಿದರೆ ಕೀ ಡಯಲ್ ತೂತಿಗೆ ಸರಿಯಾಗಿ ಇಳಿಯಲ್ಲ. ಮೂರನೆಯದು ತಪ್ಪಿದರೆ ಪೆಟ್ಟಿಗೆಗೆ ಹೊಸ ತೂತು ಕೊರೀಬೇಕು. ಕೊಳ್ಳೋಕೆ ಹೋದಾಗ ಪೆಟ್ಟಿಗೆ ಒಳಗೆ ಟಾರ್ಚ್ ಬಿಟ್ಟು ನೋಡಿ. ಮಿಷನ್ ಕೂತ ಜಾಗದ ಪಕ್ಕದಲ್ಲೇ ಖಾಲಿ ಹಳೇ ಸ್ಕ್ರೂ ತೂತುಗಳಿದ್ದರೆ, ಅದರ ಮಿಷನ್ ಆಗಲೇ ಒಂದು ಸಲ ಬದಲಾಗಿದೆ ಅಂತ ಅರ್ಥ. ಡಯಲ್ ಮೇಲೆ ಏನೇ ಬರೆದಿರಲಿ.

ಕೆಲವರು ಬೇಜಾರಾಗಿ ಸೆಲ್ ಮಿಷನ್ ಹಾಕಿಸಿಬಿಡ್ತಾರೆ. ತಪ್ಪೇನಿಲ್ಲ, ಟೈಮ್ ಸರಿಯಾಗಿ ತೋರಿಸುತ್ತೆ. ಡಯಲ್ ತೂತನ್ನ ದೊಡ್ಡದು ಮಾಡೋಕೆ ಬಿಡಬೇಡಿ, ಹಳೇ ಮಿಷನ್ ಮತ್ತೆ ಹಳೇ ಮುಳ್ಳನ್ನ ಒಂದು ಚೀಲಕ್ಕೆ ಹಾಕಿ ಪೆಟ್ಟಿಗೆ ಒಳಗೇ ಇಡಿಸಿ. ಆದರೆ ಅಕ್ಕನ ಮನೆಗೆ ಅದು ಆಗ್ತಿರಲಿಲ್ಲ. ಮಾವನವರಿಗೆ ಬೇಕಾಗಿದ್ದು ಆ ಗಡಿಯಾರದ ಸದ್ದು. ಪೆಟ್ಟಿಗೆ ಒಳಗಿರೋ ಆ ಲೋಹದ ಕಡ್ಡಿಗಳಿಗೆ ಸುತ್ತಿಗೆ ಬಿದ್ದರೇನೇ ಅದು ಬರೋದು.

ಹೊಸ ಮಿಷನ್ ಬಂತು, ರಿಪೇರಿಯವರು ಕೂರಿಸಿದರು. ಮೊದಲ ದಿನ ಒಂದು ಸ್ವರ ಮಂಕಾಗಿ ಕೇಳ್ತಿತ್ತು. ಒಂದು ಸುತ್ತಿಗೆ ಹೊಡೆದ ಮೇಲೆ ಹಿಂದೆ ಸರಿಯದೆ ಕಡ್ಡಿಗೇ ಒರಗಿ ನಿಲ್ತಿತ್ತಂತೆ, ಅದರ ತಂತಿಯನ್ನ ಒಂಚೂರು ಬಗ್ಗಿಸಿದ ಮೇಲೆ ಸರಿಹೋಯ್ತು. ಅದನ್ನ ಕಂಡುಹಿಡಿದಿದ್ದು ಮಾವನವರೇ. "ಮೂರನೇ ಸ್ವರ ಗಂಟಲು ಕಟ್ಟಿದ ಹಾಗಿದೆ" ಅಂದರಂತೆ.

ಮೊನ್ನೆ ಅಕ್ಕ ಫೋನ್ ಮಾಡಿದಾಗ ನಾವಿಬ್ಬರೂ ಏನೋ ಮಾತಾಡ್ತಿದ್ವಿ. ಹಿಂದುಗಡೆಯಿಂದ ಹನ್ನೆರಡು ಸ್ವರ ಕೇಳಿಸ್ತು. ಆಮೇಲೆ ಮಾವನವರ ದನಿ: "ಮುಕ್ಕಾಲಾಯ್ತು ಕಣಮ್ಮ, ಮಗು ಬರೋ ಹೊತ್ತು, ಬಾಗಿಲು ತೆಗೆದಿಡು."